ವರಮಹಾಲಕ್ಷ್ಮಿ ಹಬ್ಬದ ಸಾಮಾನು: ಎಷ್ಟು ಬೇಕು, ಯಾವಾಗ ತರಬೇಕು

ಅಮ್ಮ ಮನೆಗೆ ಬರುವ ಶುಕ್ರವಾರಕ್ಕೆ ಚೀಟಿ ಬರೆಯಲು ಕೂತಾಗ ಹೆಚ್ಚಿನವರು ಮೊದಲು ಎಣಿಸುವುದು ಮನೆಯ ತಲೆಗಳನ್ನು. ಅಲ್ಲೇ ಲೆಕ್ಕ ತಪ್ಪುವುದು. ಕಲಶದ ಸಾಮಾನು ಇಬ್ಬರಿರುವ ಮನೆಗೂ ಹತ್ತು ಜನರಿರುವ ಮನೆಗೂ ಒಂದೇ. ತಾಂಬೂಲದ್ದು ಅರಿಶಿನ ಕುಂಕುಮಕ್ಕೆ ಕರೆಯುವ ಮುತ್ತೈದೆಯರ ಸಂಖ್ಯೆಯ ಮೇಲೆ ಹೋಗುತ್ತದೆ. ಮನೆಮಂದಿಯ ಲೆಕ್ಕ ಹಿಡಿಯಬೇಕಾದ್ದು ನೈವೇದ್ಯ, ಪ್ರಸಾದಕ್ಕೆ ಮಾತ್ರ.

ನಾಲ್ಕು ಜನರ ಮನೆ, ಹತ್ತು ಮುತ್ತೈದೆಯರನ್ನು ಕರೆದಿದ್ದೀರಿ ಎಂದಿಟ್ಟುಕೊಳ್ಳಿ. ಕರೆಯದೆ ಬರುವವರು ಇದ್ದೇ ಇರುತ್ತಾರೆ, ಅವರನ್ನು ಬರಿಗೈಲಿ ಕಳಿಸುವಂತಿಲ್ಲ. ಹಾಗಾಗಿ 12 ತಾಂಬೂಲ ಕಟ್ಟಿ. ಒಂದೊಂದಕ್ಕೆ ಎರಡು ವೀಳ್ಯದೆಲೆ, ಎರಡು ಅಡಿಕೆ, ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿ, ಒಂದು ರವಿಕೆ ಕಣ. ಎಲೆ 24 ಆಯಿತು. ಕಲಶಕ್ಕೆ 5, ದೇವರ ಮುಂದಿನ ತಾಂಬೂಲಕ್ಕೆ 2, ಅರಿಶಿನದ ಗಣಪನನ್ನು ಕೂರಿಸಲು 1 ಸೇರಿಸಿದರೆ 32. ಕಟ್ಟಿನಲ್ಲಿ ಕೆಲವು ಕೊಳೆತಿರುತ್ತವೆ, ಆದ್ದರಿಂದ 40 ತನ್ನಿ. ತೆಂಗಿನಕಾಯಿ ತಾಂಬೂಲಕ್ಕೆ 12, ಕಲಶಕ್ಕೆ 1, ಒಡೆಯಲು 1, ಅಡುಗೆಗೆ 2. ಬಾಳೆಹಣ್ಣು ತಾಂಬೂಲಕ್ಕೇ 24 ಬೇಕು. ನೈವೇದ್ಯಕ್ಕೂ ಸೇರಿ 32 ಇದ್ದರೆ ಸಾಕು. ಈಗೀಗ ತಾಂಬೂಲದ ಜಾಗಕ್ಕೆ ಪ್ಲಾಸ್ಟಿಕ್ ಡಬ್ಬಿ ಬಂದು ಕೂತಿದೆ. ಡಬ್ಬಿ ಕೊಡುವುದಾದರೆ ಕೊಡಿ, ಎಲೆ ಅಡಿಕೆ ಮಾತ್ರ ಬಿಡಬೇಡಿ.

ಕಲಶದ ಕಾಯಿಯನ್ನು ಮಿಕ್ಕವುಗಳ ರಾಶಿಯಿಂದ ಎತ್ತಿಕೊಳ್ಳಬೇಡಿ, ಬೇರೆಯಾಗಿಯೇ ಆರಿಸಿ. ಜುಟ್ಟು ಗಟ್ಟಿಯಾಗಿರಬೇಕು, ಅಲುಗಿಸಿದರೆ ನೀರು ಸದ್ದು ಮಾಡಬೇಕು, ಕಣ್ಣುಗಳ ಸುತ್ತ ಒದ್ದೆಯಾಗಲಿ ಬೂಷ್ಟಾಗಲಿ ಇರಬಾರದು. ಕಣ್ಣು ಒದ್ದೆಯಾಗಿದ್ದರೆ ಒಳಗೆ ಕೆಡಲು ಶುರುವಾಗಿದೆ ಎಂದೇ ತಿಳಿಯಿರಿ. ಚೊಂಬಿನ ಬಾಯಿಯ ಅಳತೆ ಮನಸ್ಸಿನಲ್ಲಿರಲಿ: ಕಾಯಿ ತೀರಾ ದೊಡ್ಡದಾದರೆ ಬೆಳ್ಳಿ ಮುಖವಾಡ ಕಟ್ಟಿದ ಕೂಡಲೇ ಮುಂದಕ್ಕೆ ವಾಲುತ್ತದೆ, ಚಿಕ್ಕದಾದರೆ ಒಳಗೆ ಇಳಿದುಬಿಡುತ್ತದೆ. ಸೀರೆ ಉಡಿಸುವುದಿದ್ದರೆ ಚೊಂಬಿಗೆ ನೀರಿಗಿಂತ ಅಕ್ಕಿ ತುಂಬುವುದು ಮೇಲು. ಭಾರ ಕೆಳಗೆ ನಿಂತು ಕಲಶ ಅಲ್ಲಾಡುವುದಿಲ್ಲ. ನೀರನ್ನೇ ತುಂಬುವ ಪದ್ಧತಿಯ ಮನೆಯವರು ಮುಕ್ಕಾಲು ಮಾತ್ರ ತುಂಬಿ. ಕಾಯಿಗೆ ಅರಿಶಿನ ಹಚ್ಚಿದ ಮೇಲೆ ನೆರಳಲ್ಲಿ ಪೂರ್ತಿ ಒಣಗಬೇಕು. ಹಸಿಯಾಗಿಯೇ ಅಕ್ಕಿಯ ಮೇಲಿಟ್ಟರೆ ಅಕ್ಕಿ ಮುಗ್ಗುಲು ಹಿಡಿಯುತ್ತದೆ.

ಒಣ ಸಾಮಾನನ್ನೆಲ್ಲ, ಅಂದರೆ ಅರಿಶಿನ, ಕುಂಕುಮ, ಅಡಿಕೆ, ಕರ್ಪೂರ, ಬತ್ತಿ, ಬಳೆ, ರವಿಕೆ ಕಣಗಳನ್ನು, ಹಿಂದಿನ ವಾರವೇ ತಂದಿಡಿ. ದೋರವನ್ನು ಮಾತ್ರ ಮನೆಯಲ್ಲೇ ಮಾಡಿ. ಒಂಬತ್ತು ಎಳೆ, ಒಂಬತ್ತು ಗಂಟು, ಅರಿಶಿನದ ನೀರಿನಲ್ಲಿ ಅದ್ದಿದ ಬಿಳಿ ನೂಲು. ಹತ್ತು ನಿಮಿಷದ ಕೆಲಸ. ಅಂಗಡಿಯ ಪೂಜಾ ಕಿಟ್‌ನಲ್ಲಿ ಬರುವುದರ ಎಳೆ, ಗಂಟು ಯಾರು ಎಣಿಸಿರುತ್ತಾರೆ?

ಬಾಳೆಹಣ್ಣು ಬುಧವಾರ ತನ್ನಿ, ತುಸು ಹಸಿರಿರುವುದನ್ನೇ. ಪೂರ್ತಿ ಹಣ್ಣಾದ ಏಲಕ್ಕಿ ಬಾಳೆ ಶುಕ್ರವಾರದ ಹೊತ್ತಿಗೆ ಚಿಪ್ಪಿನಿಂದ ಉದುರಿಹೋಗುತ್ತದೆ, ತೊಟ್ಟಿಲ್ಲದ ಹಣ್ಣನ್ನು ತಾಂಬೂಲಕ್ಕಿಡಲು ಮನಸ್ಸು ಬರುವುದಿಲ್ಲ. ಬಾಳೆಕಂದು, ಮಾವಿನ ಸೊಪ್ಪು, ವೀಳ್ಯದೆಲೆ ಗುರುವಾರಕ್ಕೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಾಳೆಕಂದಿನ ಬುಡವನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ.

ಹೂವಿಗೆ ಕೆ.ಆರ್. ಮಾರ್ಕೆಟ್ಟಾಗಲಿ ಗಾಂಧಿ ಬಜಾರಾಗಲಿ ಗುರುವಾರ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಸಂಜೆಗೆ ಜನವೂ ಹೆಚ್ಚು, ಬೆಲೆಯೂ ಹೆಚ್ಚು. ಕಲಶಕ್ಕೆ, ಮಂಟಪಕ್ಕೆ, ಬಾಗಿಲಿಗೆ ಸೇವಂತಿಗೆ ನಾಲ್ಕು ಮಾರು, ಮಲ್ಲಿಗೆ ಎರಡು ಮಾರು, ಅರ್ಚನೆಗೆ ಬಿಡಿ ಹೂವು ಅರ್ಧ ಕೆಜಿ ಸಾಕು. ಬರುವವರ ಮುಡಿಗೆ ಕನಕಾಂಬರವನ್ನೋ ಮಲ್ಲಿಗೆಯನ್ನೋ ಬೇರೆ ತನ್ನಿ, ಒಬ್ಬೊಬ್ಬರಿಗೆ ಒಂದು ಗೇಣಿನಂತೆ. ತೂಕದ ಹೂವಿನ ಮೇಲೆ ನೀರು ಚಿಮುಕಿಸಿದ್ದರೆ ಕೊಳ್ಳಬೇಡಿ. ತೂಕವೂ ಮೋಸ, ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೆಳಗಾಗುವಷ್ಟರಲ್ಲಿ ಕಂದುತ್ತದೆ. ಮಲ್ಲಿಗೆ ಮೊಗ್ಗಾಗಿರಲಿ, ಬಾಳೆ ಎಲೆಯಲ್ಲಿ ಸುತ್ತಿ ತಂಪಾದ ಕಡೆ ಇಡಿ. ಅಮ್ಮನಿಗೆ ಪ್ರಿಯವಾದ ತಾವರೆಯೂ ಮೊಗ್ಗೇ ಆಗಲಿ: ರಾತ್ರಿ ತೊಟ್ಟು ನೀರಿನಲ್ಲಿರಲಿ, ಪೂಜೆಗೆ ಮುಂಚೆ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸಿ. ಹಿಂದಿನ ದಿನವೇ ಬಿಡಿಸಿದರೆ ಅಂಚು ಕಪ್ಪಾಗುತ್ತದೆ.

ನೈವೇದ್ಯಕ್ಕೆ ನಾಲ್ವರ ಮನೆಗೆ ಅರ್ಧ ಕೆಜಿ ಕಡಲೆಬೇಳೆ, ಅಷ್ಟೇ ಬೆಲ್ಲ. ಇಪ್ಪತ್ತರ ಮೇಲೆ ಒಬ್ಬಟ್ಟಾಗುತ್ತವೆ. ಸಂಜೆ ಬರುವವರಿಗೂ ಕೊಡುವುದಾದರೆ ಒಂದು ಕೆಜಿ ನೆನೆಹಾಕಿ. ಎಂಟು ಜನರ ಮನೆಗೂ ಅದೇ ಅಳತೆ. ಕೋಸಂಬರಿಗೆ ನಾಲ್ವರಿಗೆ ಒಂದು ಲೋಟ ಹೆಸರುಬೇಳೆ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಪಂಚಾಮೃತಕ್ಕೆ ಒಂದೊಂದು ಚಮಚ ಸಾಕು.

ಶನಿವಾರ ಕಲಶ ಕದಲಿಸಿದ ಮೇಲೆ ಆ ಅಕ್ಕಿಯಲ್ಲಿ ಸಿಹಿ ಪೊಂಗಲ್, ಕಾಯಿಯಲ್ಲಿ ಏನಾದರೂ ಸಿಹಿ ಮಾಡಿ ಮನೆಯವರೆಲ್ಲ ತಿನ್ನುವುದು ರೂಢಿ. ಕಾಯಿ ಕೆಟ್ಟಿದ್ದರೆ ಅಪಶಕುನ ಎಂದು ಹೆದರಬೇಡಿ, ಗಿಡದ ಬುಡಕ್ಕೆ ಹಾಕಿ.