ಕಾಂಬೊ, ವಾರಂಟಿ ಚೀಟಿ, ದರಪಟ್ಟಿ: ತಿಪಟೂರಿನ ಅಂಗಡಿಯಲ್ಲಿ ಈವರೆಗೆ ಆದ ಕೆಲಸ

ಮೇ

ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಒಡೆದ ಡಿಸ್‌ಪ್ಲೇಯದ್ದೇ. ಹಾಗಾಗಿ ಈ ವರ್ಷ ಬೇರೆಲ್ಲ ಬದಿಗಿಟ್ಟು ಡಿಸ್‌ಪ್ಲೇ ಒಂದಕ್ಕೇ ಸರಿಯಾದ ವಾರಂಟಿ ಚೀಟಿ ಮತ್ತು ದರಪಟ್ಟಿ ಮಾಡಲು ಕೂತಿದ್ದೇನೆ. ಪೇಟೆಯಲ್ಲಿ ಯಾವ ಅಂಗಡಿಯ ಬೋರ್ಡು ನೋಡಿದರೂ ‘6 ತಿಂಗಳ ವಾರಂಟಿ’ ಅಂತಿದೆ. ಯಾವುದಕ್ಕೆ, ಏನಾದರೆ ಅನ್ನುವುದು ಎಲ್ಲೂ ಇಲ್ಲ. ನನಗೆ ಬೇಕಿರುವುದು, ಮಾಲು ಕೊಟ್ಟವರು ನನಗೆ ಎಷ್ಟು ಮಾತು ಕೊಡುತ್ತಾರೋ ಅದರ ಆಧಾರದ ಮೇಲೆ ನಾನು ಗಿರಾಕಿಗೆ ಕೊಡಬಹುದಾದ ಮಾತು.

ಮೊದಲು ಮಾಲಿನ ವಿಚಾರ. ಟಚ್ಚು, ಡಿಸ್‌ಪ್ಲೇ ಎರಡೂ ಸೇರಿ ಒಂದೇ ಆಗಿ ಬರುವುದನ್ನು ನಮ್ಮಲ್ಲಿ ಕಾಂಬೊ ಅಥವಾ ಫೋಲ್ಡರ್ ಅನ್ನುತ್ತೇವೆ. ನನಗೆ ಬರುವುದೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ. ವಾಟ್ಸಾಪಲ್ಲಿ ಮಾಡೆಲ್ ಕಳಿಸಿದರೆ ರಾತ್ರಿ ಬಸ್ಸಿಗೆ ಪಾರ್ಸೆಲ್, ಬೆಳಿಗ್ಗೆ ಇಲ್ಲಿ. ಒಂದೇ ಮಾಡೆಲ್‌ಗೆ ಮೂರು ನಾಲ್ಕು ದರ ಹೇಳುತ್ತಾರೆ. ‘ಕಾಪಿ’, ‘ಓಜಿ’, ‘ಸರ್ವಿಸ್ ಪ್ಯಾಕ್’ ಎಂದು ಹೆಸರು ಕೂಡ ಇಡುತ್ತಾರೆ. ಸರ್ವಿಸ್ ಪ್ಯಾಕ್ ಅಂದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುವ ಮಾಲು, ಅನೇಕ ಸಲ ಫ್ರೇಮ್ ಸಮೇತ ಬರುತ್ತದೆ. ಅದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಒರಿಜಿನಲ್ ಅನ್ನುವ ಅರ್ಥದಲ್ಲಿ ಹೇಳುವ ‘ಓಜಿ’ಯಲ್ಲಿ. ಒಬ್ಬರ ಓಜಿ ಹಳೇ ಫೋನಿಂದ ಬಿಚ್ಚಿ ಗಾಜು ಮಾತ್ರ ಬದಲಿಸಿದ್ದು, ಇನ್ನೊಬ್ಬರ ಓಜಿ ಒಳ್ಳೇ ಕಾಪಿ. ಈಗ ಹೆಸರು ಕೇಳುವುದನ್ನೇ ಬಿಟ್ಟು ಎರಡೇ ಪ್ರಶ್ನೆ ಕೇಳುತ್ತೇನೆ: ಪ್ಯಾನೆಲ್ ಓಎಲ್‌ಇಡಿಯೋ ಎಲ್‌ಸಿಡಿಯೋ? ಅಂಟು ಹಾಕಿದ ಮೇಲೆ ಕೆಟ್ಟರೆ ವಾಪಸ್ ತಗೊಳ್ತೀರೋ ಇಲ್ಲವೋ?

ಎರಡನೇ ಪ್ರಶ್ನೆಗೆ ಬಹಳ ಕಡೆ ಸಿಗುವ ಉತ್ತರ ‘ಟೆಸ್ಟಿಂಗ್ ವಾರಂಟಿ’. ಅಂದರೆ ಹಚ್ಚುವ ಮುಂಚೆ ಜೋಡಿಸಿ ನೋಡಿ, ಕೆಟ್ಟಿದ್ದರೆ ಆಗಲೇ ಹೇಳಿ. ಮೇಲಿನ ಪ್ಲಾಸ್ಟಿಕ್ ಕಿತ್ತಿದ್ದರೆ, ಅಂಟಿನ ಗುರುತಿದ್ದರೆ, ಪರದೆಯನ್ನು ಫೋನಿನ ಒಳಗಿನ ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ, ಅಂದರೆ ಫ್ಲೆಕ್ಸ್, ಅದರ ಮೇಲಿನ ಅವರ ಸ್ಟಿಕ್ಕರ್ ಹರಿದಿದ್ದರೆ ವಾಪಸ್ ಇಲ್ಲ. ಇಂಥ ಮಾಲಿಗೆ ನಾನು ಗಿರಾಕಿಗೆ ಆರು ತಿಂಗಳು ಬರೆದುಕೊಟ್ಟರೆ ಆ ಆರು ತಿಂಗಳು ಪೂರ್ತಿ ನನ್ನ ಜೇಬಿನದು. ಕೊಡಬಾರದು ಅಂತಲ್ಲ. ಕೊಡುವುದಾದರೆ ಅದರ ದುಡ್ಡು ದರದಲ್ಲೇ ಇರಬೇಕು.

ಕೆಲವರು ತಿಂಗಳುಗಟ್ಟಲೆ ವಾರಂಟಿಯನ್ನೂ ಕೊಡುತ್ತಾರೆ. ಅದು ಅವರ ಬಿಲ್ಲಿನ ತಾರೀಖಿನಿಂದ ಶುರು, ನಾನು ಫೋನಿಗೆ ಹಾಕಿದ ದಿನದಿಂದಲ್ಲ. ಡ್ರಾಯರಿನಲ್ಲಿ ಎರಡು ತಿಂಗಳು ಕೂತ ಕಾಂಬೊಗೆ ಎರಡು ತಿಂಗಳ ವಾರಂಟಿ ಆಗಲೇ ಖರ್ಚಾಗಿರುತ್ತದೆ. ಅದಕ್ಕೆ ಈಗ ಬಂದ ದಿನವೇ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯುವುದು, ಓಡುವ ಮಾಡೆಲ್ ಮಾತ್ರ ಸ್ಟಾಕ್ ಇಡುವುದು. ಬಿಲ್ ಇಲ್ಲದೆ ತಗೊಂಡರೆ ಶೇ. 18 ಜಿಎಸ್‌ಟಿ ಉಳಿಯುತ್ತದೆ ನಿಜ, ಆದರೆ ಬಿಲ್ಲಿಲ್ಲದ ಮಾಲನ್ನು ಹಿಡಿದುಕೊಂಡು ಯಾರ ಬಳಿ ಹೋಗುವುದು?

ಜೂನ್

ಹಚ್ಚುವ ಮುಂಚಿನ ಟೆಸ್ಟ್ ಈಗ ಒಂದು ಕ್ರಮಕ್ಕೆ ಬಂದಿದೆ. ಟೆಸ್ಟಿಂಗ್ ವಾರಂಟಿ ನಿಂತಿರುವುದೇ ಈ ಹತ್ತು ನಿಮಿಷದ ಮೇಲೆ.

ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಬೇಕು. ಕರೆಂಟ್ ಇರುವಾಗ ಡಿಸ್‌ಪ್ಲೇ ಫ್ಲೆಕ್ಸ್ ಚುಚ್ಚಿದರೆ ಬೋರ್ಡಿನಲ್ಲಿ ಬ್ಯಾಕ್‌ಲೈಟ್ ಲೈನ್ ಹೋಗಬಹುದು. ಆಗ ಒಳ್ಳೇ ಕಾಂಬೊ ಕೂಡ ಕತ್ತಲೆಯೇ, ಬಯ್ಯಿಸಿಕೊಳ್ಳುವುದು ಮಾತ್ರ ಡೀಲರ್. ಹೊಸದನ್ನು ಪ್ಲಾಸ್ಟಿಕ್ ಕೀಳದೆ ಜೋಡಿಸಿ, ಬ್ಯಾಟರಿ ಹಾಕಿ ಆನ್ ಮಾಡುವುದು. ಸ್ಯಾಮ್‌ಸಂಗ್ ಆದರೆ ಡಯಲರ್‌ನಲ್ಲಿ ಇದನ್ನು ಒತ್ತಿದರೆ ಬಣ್ಣ, ಟಚ್ ಎರಡಕ್ಕೂ ಟೆಸ್ಟ್ ಬರುತ್ತದೆ. ಶಿಯೋಮಿ ಫೋನಾದರೆ ಎರಡನೆಯದು:

```
*#0*#
*#*#6484#*#*
```

ಬೇರೆಯವಕ್ಕೆ ಡೆವಲಪರ್ ಆಪ್ಷನ್‌ನಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ, ಅಂಚಿನಿಂದ ಅಂಚಿಗೆ ಹತ್ತಿರಹತ್ತಿರ ಗೆರೆ ಎಳೆಯುತ್ತೇನೆ. ಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಟಚ್ ಸತ್ತಿದೆ. ಆಮೇಲೆ ಪೂರ್ತಿ ಬಿಳಿ ಪರದೆ. ಓಎಲ್‌ಇಡಿ ಆದರೆ ಬ್ರೈಟ್‌ನೆಸ್ ತೀರಾ ಕೆಳಗಿಳಿಸಿ ಬೂದು ಪರದೆ, ಅಲ್ಲಿ ಹಸಿರೋ ಗುಲಾಬಿಯೋ ಛಾಯೆ ಇದ್ದರೆ ಎದ್ದು ಕಾಣುತ್ತದೆ. ಒಂದು ಕಾಲ್ ಮಾಡಿ, ಕಿವಿ ಹತ್ತಿರ ಹಿಡಿದಾಗ ಪರದೆ ಆರುತ್ತದೋ ನೋಡುವುದು.

ಕೊನೆಗೆ ಚಾರ್ಜರ್ ಹಾಕಿ ಮತ್ತೊಮ್ಮೆ ಟಚ್. ಇದನ್ನು ಬಿಡುವವರೇ ಜಾಸ್ತಿ. ಕಾಪಿ ಕಾಂಬೊ ಬ್ಯಾಟರಿ ಮೇಲೆ ಚೆನ್ನಾಗೇ ನಡೆದು, ಚಾರ್ಜಿಗೆ ಹಾಕಿದ ಕೂಡಲೇ ತಾನೇ ಆಪ್ ತೆರೆಯುವುದು, ತಾನೇ ಟೈಪ್ ಮಾಡುವುದು ಶುರುಮಾಡುತ್ತದೆ. ಅಂಗಡಿಯ ಒಳ್ಳೇ ಚಾರ್ಜರಿನಲ್ಲಿ ಸುಮ್ಮನಿದ್ದದ್ದು ಗಿರಾಕಿಯ ಮನೆಯ ಅಗ್ಗದ ಚಾರ್ಜರಿನಲ್ಲಿ ಕುಣಿಯುವುದೂ ಉಂಟು. ಹಾಗಾಗಿ ಟೆಸ್ಟಿಗೆಂದೇ ಒಂದು ಕಳಪೆ ಚಾರ್ಜರ್ ಬೇಕೆಂದೇ ಇಟ್ಟುಕೊಂಡಿದ್ದೇನೆ.

ಈ ತಿಂಗಳಲ್ಲಿ ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರು ಬಂದರು. ಅಮೋಲೆಡ್, ಅಂದರೆ ಓಎಲ್‌ಇಡಿಯದೇ ಒಂದು ಬಗೆಯ ಪರದೆಯ ಫೋನು, ಬೆರಳಚ್ಚು ಪರದೆಯ ಒಳಗೇ.

‘ಅಣ್ಣ, ಪಕ್ಕದ ಬೀದೀಲಿ ಸಾವಿರದ ಎಂಟುನೂರು ಅಂದ್ರು. ನೀವು ಅದರ ಮೂರರಷ್ಟು ಹೇಳ್ತೀರಲ್ಲ?’

‘ಅವರು ಹೇಳಿದ್ದೂ ಸರಿನೇ ಸಾರ್. ಅದು ಎಲ್‌ಸಿಡಿ ಪ್ಯಾನೆಲ್. ಅದನ್ನ ಹಾಕಿದ್ರೆ ಬೆರಳಿಟ್ಟು ಫೋನ್ ತೆಗೆಯೋದು ಇವತ್ತಿಗೆ ಮುಗೀತು.’

ಕಾರಣ ಸರಳ. ಆ ಫೋನಿನ ಬೆರಳಚ್ಚು ಸೆನ್ಸರ್ ಪರದೆಯ ಹಿಂದೆ ಕೂತು, ಬೆರಳಿಗೆ ಬಿದ್ದು ತಿರುಗಿ ಬರುವ ಬೆಳಕನ್ನು ನೋಡುತ್ತದೆ. ಓಎಲ್‌ಇಡಿ ಪ್ಯಾನೆಲ್ ಮೂಲಕ ಆ ಬೆಳಕು ಹಾಯುತ್ತದೆ. ಎಲ್‌ಸಿಡಿಯ ಹಿಂದೆ ಬ್ಯಾಕ್‌ಲೈಟಿನ ಪದರ ಇರುವುದರಿಂದ ಹಾಯುವುದಿಲ್ಲ. ಅದೇ ಪದರದ ದಪ್ಪಕ್ಕೆ ಪರದೆ ಫ್ರೇಮಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ, ಮೂಲೆ ತಾಗಿದರೆ ಮೊದಲು ಏಟು ಗಾಜಿಗೇ. ಅವರಿಗೆ ದಿನವಿಡೀ ಫೋನ್‌ಪೇ, ಬ್ಯಾಂಕ್ ಆಪು ಬೆರಳಲ್ಲೇ ತೆರೆದು ಅಭ್ಯಾಸ. ಸ್ವಲ್ಪ ಯೋಚಿಸಿ ಸರ್ವಿಸ್ ಪ್ಯಾಕ್ ಹಾಕಿಸಿಕೊಂಡರು. ಬೇಡ ಅಂದು ಅಗ್ಗದ್ದನ್ನೇ ಹಾಕಿಸಿಕೊಂಡು ಹೋದವರೂ ಇದ್ದಾರೆ, ಅದೂ ನ್ಯಾಯವೇ, ಗೊತ್ತಿದ್ದು ಹಾಕಿಸಿಕೊಂಡರೆ. ಚೀಟಿಯಲ್ಲಿ ಈಗ ‘ಎಲ್‌ಸಿಡಿ / ಓಎಲ್‌ಇಡಿ’, ‘ಬೆರಳಚ್ಚು: ಇದೆ / ಇರುವುದಿಲ್ಲ’ ಎಂದು ಟಿಕ್ ಹಾಕುವ ಎರಡು ಸಾಲು ಸೇರಿವೆ.

ಜುಲೈ

ವಾಪಸ್ ಬಂದ ಫೋನು ಯಾರ ತಪ್ಪು ಅಂತ ಹೇಳುವುದು ಹೇಗೆ? ವಾರಂಟಿ ಜಗಳವೆಲ್ಲ ಇಲ್ಲೇ. ‘ಬೀಳಿಸೇ ಇಲ್ಲ ಸಾರ್, ತಾನಾಗೇ ಹೋಯ್ತು’ ಅನ್ನುವವರಲ್ಲಿ ನಿಜ ಹೇಳುವವರೂ ಇರುತ್ತಾರೆ.

ಲೈಟಿನ ಕೆಳಗೆ ಓರೆಯಾಗಿ ಹಿಡಿದು ಗಾಜು ನೋಡುತ್ತೇನೆ. ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಬಿರುಕು ಹೊರಟು, ಆ ಬಿಂದುವಿನಲ್ಲಿ ಗಾಜು ಪುಡಿಯಾಗಿದ್ದರೆ ಅದು ಏಟು. ಗಾಜು ಪೂರ್ತಿ ಇದ್ದು ಒಳಗೆ ಮಸಿ ಚೆಲ್ಲಿದಂಥ ಕಪ್ಪು ಕಲೆ ಇದ್ದರೆ ಅದು ಒತ್ತಡ. ಆದರೆ ಒತ್ತಿದ್ದು ಯಾರು? ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಕೂತರೂ ಹೀಗಾಗುತ್ತದೆ. ಫ್ರೇಮಿನಲ್ಲಿ ಹಳೇ ಅಂಟಿನ ಗಂಟು, ಗಾಜಿನ ಚೂರು ಉಳಿದಿದ್ದರೂ ಆಗುತ್ತದೆ, ಬ್ಯಾಟರಿ ಉಬ್ಬಿ ಹಿಂದಿನಿಂದ ತಳ್ಳುತ್ತಿದ್ದರೂ ಆಗುತ್ತದೆ. ಈ ಕೊನೆಯ ಎರಡರ ಹೊಣೆ ಹಾಕಿದವನದ್ದು. ಫ್ರೇಮ್ ಮೂಲೆಯಲ್ಲಿ ಸೊಟ್ಟಗಿದ್ದರಂತೂ ಹೊಸ ಪರದೆ ಬೀಳದೇ, ಮುಟ್ಟದೇ, ಕೆಲ ದಿನದಲ್ಲಿ ಅಲ್ಲಿಂದಲೇ ಸೀಳುತ್ತದೆ. ಗಾಜಿಗೂ ಏನೂ ಆಗದೆ, ಕಲೆಯೂ ಇಲ್ಲದೆ, ಉದ್ದ ಗೆರೆಗಳು ಮಾತ್ರ ಬಂದಿದ್ದರೆ ಹೆಚ್ಚಿನ ಸಲ ಮಾಲಿನ ದೋಷ, ಇಲ್ಲವೇ ಕೂರಿಸುವಾಗ ಮಡಚಿದ ಫ್ಲೆಕ್ಸ್. ಅದು ಪ್ರಶ್ನೆಯಿಲ್ಲದೆ ವಾರಂಟಿಗೆ ಸೇರಿದ್ದು.

ಹೀಗಾಗಿ ಹಚ್ಚುವ ಮುಂಚೆ ಎರಡು ಫೋಟೊ ತೆಗೆಯುತ್ತೇವೆ: ಕ್ಲೀನ್ ಮಾಡಿದ ಖಾಲಿ ಫ್ರೇಮ್ ಒಂದು, ಬ್ಯಾಟರಿಯ ಮೇಲೆ ಸ್ಕೇಲ್ ಅಡ್ಡ ಇಟ್ಟದ್ದು ಇನ್ನೊಂದು. ಫೋಟೊ ಗಿರಾಕಿಯ ವಾಟ್ಸಾಪಿಗೇ ಹೋಗುತ್ತದೆ. ಫ್ರೇಮ್ ಸೊಟ್ಟಗಿದ್ದರೆ ಮೊದಲೇ ತೋರಿಸಿ, ನೇರ ಮಾಡುವ ದುಡ್ಡು ಬೇರೆ, ಮಾಡಿಸದಿದ್ದರೆ ಒಡೆದದ್ದಕ್ಕೆ ವಾರಂಟಿ ಇಲ್ಲ ಅಂತ ಬರೆಯುತ್ತೇವೆ. ಅಂಟಿನ ವಿಷಯದಲ್ಲಿ ‘ಅರ್ಧ ಗಂಟೇಲಿ ಕೊಡ್ತೀವಿ’ ಅನ್ನುವ ಮಾತನ್ನು ನಿಲ್ಲಿಸಿದ್ದೇವೆ. ಬಿ7000 ಅಂಟು ಪೂರ್ತಿ ಹಿಡಿಯಲು ಒಂದೆರಡು ದಿನ ಬೇಕು. ಕ್ಲಿಪ್ಪಿನಲ್ಲಿ ಕೆಲ ಗಂಟೆಯಾದರೂ ಇಟ್ಟೇ ಕೊಡುವುದು, ಸಂಜೆ ಬನ್ನಿ ಅನ್ನುವುದು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಇದು ಇನ್ನೂ ಕಷ್ಟ. ಗಿರಾಕಿ ಕೌಂಟರಿನಲ್ಲಿ ಬೆರಳು ಕುಟ್ಟಿದರೆ ಅವನ ಕೈ ಕ್ಲಿಪ್ಪಿನ ಕಡೆ ಹೋಗುತ್ತದೆ.

ಆಗಸ್ಟ್

ಈಗ ದರ. ಪೇಟೆಯ ರೂಢಿ, ಮಾಲಿಗೆ ಬಿದ್ದದ್ದರ ದುಪ್ಪಟ್ಟು. ನಾನು ಒಂದು ಮಾಮೂಲಿ ಎಲ್‌ಸಿಡಿ ಫೋನಿಗೆ ಇದನ್ನು ಬಿಡಿಸಿ ನೋಡಿದೆ. ಅದಕ್ಕೆ ಕಾಪಿ ಕಾಂಬೊ ನನಗೆ 600 ರೂಪಾಯಿ, ಒಳ್ಳೇದು 1,150. ದುಪ್ಪಟ್ಟು ಲೆಕ್ಕದಲ್ಲಿ ಗಿರಾಕಿಗೆ 1,200 ಮತ್ತು 2,300. ಎದುರಿಗೆ ಸಾವಿರದ ನೂರರ ವ್ಯತ್ಯಾಸ ಕಂಡರೆ ಯಾರು ಒಳ್ಳೇದು ಕೇಳುತ್ತಾರೆ?

ಆದರೆ ಕೂಲಿ ಎರಡಕ್ಕೂ ಒಂದೇ, ಅದೇ ಬಿಚ್ಚುವುದು, ಅದೇ ಅಂಟು. ಕೂಲಿ 350, ಪಾರ್ಸೆಲ್ ಪಾಲು ಮತ್ತು ಅಂಟು ಸೇರಿ 70 ಅಂತ ಇಟ್ಟೆ. ಉಳಿದದ್ದು ವಾಪಸ್ ಬರುವವುಗಳ ಖರ್ಚು. ನನ್ನ ಪುಸ್ತಕದ ಪ್ರಕಾರ ಈ ಕಾಪಿ ಸುಮಾರು ಐದಕ್ಕೆ ಒಂದು ತಿರುಗಿ ಬರುತ್ತದೆ, ಒಳ್ಳೇದು ಹದಿನೈದಕ್ಕೆ ಒಂದು. ಒಂದು ಕಾಪಿ ತಿರುಗಿ ಬಂದರೆ ಮಾಲು, ಅಂಟು, ಮತ್ತೆ ಕೂಲಿ ಸೇರಿ 1,020 ಹೋಗುತ್ತದೆ. ಅದನ್ನು ಐದು ಫೋನಿಗೆ ಹಂಚಿದರೆ ತಲಾ 204. ಒಳ್ಳೇದು ಬಂದರೆ ಹೋಗುವುದು 1,570, ಹದಿನೈದಕ್ಕೆ ಹಂಚಿದರೆ ತಲಾ 105. ಎಲ್ಲ ಕೂಡಿಸಿದರೆ ಕಾಪಿಗೆ 1,224, ಒಳ್ಳೇದಕ್ಕೆ 1,675.

ಅಂದರೆ ಕಾಪಿಯ ದರ ಪೇಟೆಯ ದರದ ಹತ್ತಿರವೇ ಬಂತು, ಒಳ್ಳೇದರದ್ದು ಆರುನೂರಕ್ಕೂ ಹೆಚ್ಚು ಇಳಿಯಿತು. ಎರಡರ ನಡುವಿನ ಅಂತರ ಈಗ 450. ಬೋರ್ಡಿನಲ್ಲಿ 1,250 ಮತ್ತು 1,700 ಎಂದು ಹಾಕಿದ್ದೇನೆ, ಪಕ್ಕದಲ್ಲೇ ಕಾಪಿಗೆ ಒಂದು ತಿಂಗಳು, ಒಳ್ಳೇದಕ್ಕೆ ಆರು ತಿಂಗಳು. ಅಕ್ಕಪಕ್ಕ ಬರೆದ ಮೇಲೆ ಒಳ್ಳೇದನ್ನು ಕೇಳುವವರು ಹೆಚ್ಚಿದ್ದಾರೆ, ನಾನೇನೂ ಒತ್ತಾಯ ಮಾಡಬೇಕಾಗಿಲ್ಲ. ಒಂದು ಫೋನಿನ ಮೇಲೆ ಸಿಗುವುದು ಕಡಿಮೆಯೇ, ಸುಳ್ಳೇಕೆ. ಮಧ್ಯಾಹ್ನದ ಹೊತ್ತು ವಾಪಸ್ ಕೆಲಸದಲ್ಲಿ ಕಳೆಯುವುದು ಕಡಿಮೆಯಾಗಿರುವುದರಿಂದ ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ.

ಈ ಲೆಕ್ಕ ದುಬಾರಿ ಅಮೋಲೆಡ್‌ಗೆ ಹೀಗೇ ಕೂರುವುದಿಲ್ಲ. ಅಲ್ಲಿ ಕೂರಿಸುವಾಗಲೇ ಹೊಸದು ಒಡೆದರೆ ಸಾವಿರಾರು ರೂಪಾಯಿ ಒಂದೇ ಏಟಿಗೆ ಹೋಗುತ್ತದೆ, ಕೂಲಿ 350 ಸಾಲದು. ಅದಕ್ಕೆ ಕೂಲಿ 700 ಮಾಡಿ, ಮಾಲಿನ ದುಡ್ಡು ಪೂರ್ತಿ ಮುಂಗಡ ತಗೊಂಡೇ ಆರ್ಡರ್ ಮಾಡುತ್ತಿದ್ದೇನೆ. ಮುಂಗಡ ಕೊಟ್ಟು ಆಮೇಲೆ ಹೊಸ ಫೋನ್ ತಗೊಂಡೆ, ಬೇಡ ಅನ್ನುವವರ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಡೀಲರ್ ವಾಪಸ್ ತಗೊಂಡರೆ ಪಾರ್ಸೆಲ್ ಖರ್ಚು ಮಾತ್ರ ಹಿಡಿಯಬೇಕು ಅಂತ ನನ್ನ ಯೋಚನೆ.

ಚೀಟಿಯ ಹೊಸ ಮಾದರಿ ಪ್ರಿಂಟಿಗೆ ಹೋಗಿದೆ. ಮುಂದಿನದು ಬ್ಯಾಟರಿ. ಅಲ್ಲಿ ‘ಬೇಗ ಇಳಿಯುತ್ತೆ’ ಅನ್ನುವ ದೂರಿಗೆ ಅಳತೆ ಯಾವುದು ಅನ್ನುವುದೇ ಮೊದಲ ಪ್ರಶ್ನೆ. ಡೆಲಿವರಿ ಕೊಡುವ ಮುಂಚೆ ಒಂದು ಗಂಟೆ ವಿಡಿಯೊ ಓಡಿಸಿ ಎಷ್ಟು ಶೇಕಡಾ ಇಳಿಯಿತು ಎಂದು ಚೀಟಿಯ ಹಿಂದೆ ಬರೆಯುವುದರಿಂದ ಶುರುಮಾಡುತ್ತೇನೆ.