ಮಕ್ಕಳ ಬಣ್ಣದ ಪುಟದಲ್ಲಿ ಆನೆಯ ಉಗುರು, ಸೊಂಡಿಲು, ಕಿವಿ

ಮೂರರಿಂದ ಐದು ವರ್ಷದ ಮಕ್ಕಳು ಬಣ್ಣ ತುಂಬುವ ಪುಸ್ತಕಗಳಿಗೆ ಚಿತ್ರ ಬರೆಯುವುದು, ಬೇರೆಯವರು ಬರೆದದ್ದನ್ನು ಅಚ್ಚಿಗೆ ಹೋಗುವ ಮುನ್ನ ನೋಡಿಕೊಡುವುದು ನನ್ನ ಕೆಲಸ. ಹೊಸಬರಿಗೆ ಮೊದಲು ಸಿಗುವ ಸೂಚನೆ ಎರಡೇ: ಗೆರೆ ದಪ್ಪವಿರಲಿ, ಆಕಾರ ಎಲ್ಲೂ ತೆರೆದಿರದಿರಲಿ. ಎರಡೂ ಸರಿಯಾದವೇ. ಆದರೆ ಗೆರೆ ದಪ್ಪವಾದಷ್ಟೂ ಒಳಗಿನ ಜಾಗ ಕುಗ್ಗುತ್ತದೆ. ಆಕಾರಗಳನ್ನು ಮುಚ್ಚುತ್ತಾ ಹೋದಷ್ಟೂ ಯಾರೂ ಬೇಕೆಂದು ಬರೆಯದ ಪುಟ್ಟ ಸಂದುಗಳು ಹುಟ್ಟಿಕೊಳ್ಳುತ್ತವೆ. ಈ ಎಳೆದಾಟವನ್ನು ಸಂಭಾಳಿಸುವುದೇ ಈ ಕೆಲಸದ ನಿಜವಾದ ಕಷ್ಟ.

ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಎ4 ಅಳತೆಯಲ್ಲಿ ಒಂದು ಆನೆ ಬರೆದು ತಂದಿದ್ದರು. ಗೆರೆ 6 ಪಾಯಿಂಟ್, ಅಂದರೆ ಸುಮಾರು 2 ಮಿಲಿಮೀಟರ್ ದಪ್ಪ. ಆನೆ ಮುದ್ದಾಗಿತ್ತು. ನಾನು ಮೊದಲು ನೋಡಿದ್ದು ಕಾಲುಗುರುಗಳನ್ನು. ಒಂದೊಂದು ಕಾಲಿಗೆ ನಾಲ್ಕು ಉಗುರು, ಪ್ರತಿಯೊಂದರ ಅಗಲ 7 ಮಿಲಿಮೀಟರ್. ಕಂಪ್ಯೂಟರಿನಲ್ಲಿ ಗೆರೆಯ ದಪ್ಪ ನಾವು ಎಳೆದ ದಾರಿಯ ಎರಡೂ ಪಕ್ಕಕ್ಕೆ ಅರ್ಧರ್ಧ ಹರಡುತ್ತದೆ. ಹಾಗಾಗಿ ಎರಡು ಬದಿಯಿಂದಲೂ ಒಂದೊಂದು ಮಿಲಿಮೀಟರ್ ಹೋಗಿ ಬಣ್ಣಕ್ಕೆ ಉಳಿಯುವುದು 5. ಶಾಲೆಯವರು ಅದೇ ಪುಟವನ್ನು ಎ5ಕ್ಕೆ ಇಳಿಸಿ ಜೆರಾಕ್ಸ್ ಮಾಡಿದರೆ ಸುಮಾರು ಮೂರೂವರೆ. ಆ ವಯಸ್ಸಿನ ಮಕ್ಕಳು ಮುಷ್ಟಿಯಲ್ಲಿ ಹಿಡಿಯುವ ದಪ್ಪ ಕ್ರೇಯಾನಿನ ಸವೆದ ತುದಿಯೇ ಅದಕ್ಕಿಂತ ಅಗಲವಾಗಿರುತ್ತದೆ. ಇಂತಹ ಕಡೆ ಮಗು ಗೆರೆ ದಾಟಿದರೆ ಅದು ಮಗುವಿನ ಕೈಯ ತಪ್ಪಲ್ಲ, ಚಿತ್ರದ ತಪ್ಪು. ಆನೆಯ ಕಾಲು 55 ಮಿಲಿಮೀಟರ್ ಅಗಲವಿತ್ತು. ನಾಲ್ಕು ಉಗುರಿನ ಬದಲು ಕಾಲಿನ ಅಗಲವನ್ನೆಲ್ಲ ತುಂಬುವ ಮೂರನ್ನು ಮಾಡಿಸಿದೆ.

ಸೊಂಡಿಲಿನ ಸಮಸ್ಯೆ ಬೇರೆ ಬಗೆಯದು. ಅದು ಕೆಳಗಿಳಿದು ಮುಂಗಾಲನ್ನು ತಾಕಿಯೂ ತಾಕದಂತೆ ನಿಂತಿತ್ತು. ನಡುವೆ ಉಳಿದದ್ದು ಮೇಲೆ ಅಗಲವಾಗಿದ್ದು ಕೆಳಗೆ ಚೂಪಾಗುತ್ತಾ ಹೋಗುವ ಒಂದು ಸಂದು. ತಾಂತ್ರಿಕವಾಗಿ ಅದೂ ಮುಚ್ಚಿದ ಆಕಾರವೇ, ಆದರೆ ಅದು ಆಕಾಶವೋ ಆನೆಯ ಮೈಯೋ ಎಂಬುದು ಮಗುವಿಗೆ ತಿಳಿಯುವುದಿಲ್ಲ. ಅಚ್ಚಿನಲ್ಲಿ ಮಸಿ ಸ್ವಲ್ಪ ಹರಡಿದರೂ ಆ ಚೂಪು ಮೂಲೆ ಕಪ್ಪು ಮಚ್ಚೆಯಾಗುತ್ತದೆ. ಎರಡು ಆಕಾರಗಳು ಒಂದರ ಮೇಲೊಂದು ಸ್ಪಷ್ಟವಾಗಿ ಬರಬೇಕು, ಇಲ್ಲವೇ ನಡುವೆ ಎರಡು ಬೆರಳಿನಷ್ಟು ಜಾಗವಿರಬೇಕು. ಬರಿದೇ ತಾಕಿಕೊಂಡಿರುವುದು ಮಾತ್ರ ಬೇಡ. ಇಲ್ಲಿ ಸೊಂಡಿಲನ್ನು ಕಾಲಿನ ಮುಂದೆ ತಂದೆವು, ಸಂದೇ ಇಲ್ಲವಾಯಿತು.

ಕಿವಿಯ ಗೆರೆ ತಲೆಯ ಮೇಲಿಂದ ಹೊರಟು, ದೊಡ್ಡದಾಗಿ ಬಾಗಿ, ಕೆನ್ನೆಯ ಬಳಿ ಗಾಳಿಯಲ್ಲೇ ನಿಂತಿತ್ತು. ದೊಡ್ಡವರ ಕಣ್ಣು ಉಳಿದದ್ದನ್ನು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ. ಆದರೆ ಕಿವಿಗೆ ಗುಲಾಬಿ ಬಳಿಯಲು ಕೂತ ಮಗುವಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಗೆರೆಯೇ ಅಲ್ಲಿಲ್ಲ. ನಾನು ಅದನ್ನು ತೋರಿಸಿದಾಗ ಅವರು, “ಮೇಡಂ, ಬಕೆಟ್ ಹಾಕಿ ನೋಡಿದ್ದೆ, ಬಣ್ಣ ಹೊರಗೆ ಹೋಗಲಿಲ್ಲವಲ್ಲ?” ಎಂದರು.

ಅವರು ನೋಡಿದ್ದು ನಿಜವೇ. ಅವರು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ ಬಳಸುತ್ತಿದ್ದರು. ಮುಚ್ಚಿದ ಜಾಗಕ್ಕೆ ಒಂದೇ ಸಲಕ್ಕೆ ಬಣ್ಣ ಸುರಿಯುವ ಅದರ ಬಕೆಟ್ ಉಪಕರಣದಲ್ಲಿ Close gaps ಎಂಬ ಆಯ್ಕೆಯಿದೆ. ಅದು Large ನಲ್ಲಿತ್ತು, ಹಾಗಾಗಿ ತೆರೆದ ಜಾಗವನ್ನು ಬಕೆಟ್ ತಾನೇ ಮುಚ್ಚಿಕೊಂಡಿತ್ತು. ಮೇಲಾಗಿ ಆ ಬಕೆಟ್ ಪರದೆಯ ಮೇಲೆ ಕಾಣುವುದನ್ನು ನಂಬುತ್ತದೆ. ಇಡೀ ಪುಟ ಪುಟ್ಟದಾಗಿ ಕಾಣುವಾಗ ಬಕೆಟ್ ಒತ್ತಿದರೆ ಬಿರುಕು ಅದಕ್ಕೂ ಕಾಣುವುದಿಲ್ಲ. ಗಿಂಪ್ ಎಂಬ ಇನ್ನೊಂದು ತಂತ್ರಾಂಶದಲ್ಲೂ ಗೆರೆಚಿತ್ರವನ್ನು ಗುರುತಿಸಿ ಬಿರುಕು ದಾಟಿಸುವ ಸೌಲಭ್ಯವಿದೆ. ಬಣ್ಣ ತುಂಬುವಾಗ ಇವು ನೆರವಾಗುತ್ತವೆ, ಪರೀಕ್ಷೆಗೆ ಮಾತ್ರ ಸಲ್ಲವು. ನಾವು Close gaps ಅನ್ನು None ಮಾಡಿ, ಚಿತ್ರವನ್ನು ದೊಡ್ಡದು ಮಾಡಿಕೊಂಡು, ಒಂದೊಂದು ಭಾಗಕ್ಕೂ ಬೇರೆ ಬೇರೆ ಗಾಢ ಬಣ್ಣ ಸುರಿಯುತ್ತೇವೆ. ಹಾಗೆ ಮಾಡಿದಾಗ ಗುಲಾಬಿ ಬಣ್ಣ ಕಿವಿಯಿಂದ ತಲೆಗೆ, ತಲೆಯಿಂದ ಹೊಟ್ಟೆಗೆ ಹರಿಯಿತು. ಬಾಲ ಬೆನ್ನಿಗೆ ಸೇರುವಲ್ಲಿಯೂ ಒಂದು ಬಿರುಕು ಸಿಕ್ಕಿತು. ಗೆರೆಯ ತುದಿ ಚಪ್ಪಟೆಯಾಗಿದ್ದು, ಓರೆಯಾಗಿ ಬಂದು ಬೆನ್ನಿನ ಗೆರೆಯ ಅಂಚಿಗಷ್ಟೇ ಮುಟ್ಟಿದರೆ ಒಂದು ಮೂಲೆ ತೆರೆದೇ ಉಳಿಯುತ್ತದೆ. ತುದಿಯನ್ನು ದುಂಡಗೆ ಮಾಡಿ, ಇನ್ನೊಂದು ಗೆರೆಯ ನಡುಮಧ್ಯದವರೆಗೆ ಎಳೆದುಬಿಟ್ಟರೆ ಆ ಕಾಟವಿರುವುದಿಲ್ಲ.

ಬಾಲದ ತುದಿಯ ಕೂದಲನ್ನು ಐದಾರು ಬಿಡಿ ಗೆರೆಗಳಾಗಿ ಬರೆದಿದ್ದರು. ಅವನ್ನೆಲ್ಲ ಅಳಿಸಿ ಎಲೆಯಂತಹ ಒಂದೇ ಕುಚ್ಚು ಬರೆಯಿರಿ ಎಂದೆ. ಅವರಿಗೆ ಅದು ಇಷ್ಟವಾಗಲಿಲ್ಲ, ಚಿತ್ರ ಬೋಳಾಗುತ್ತದೆ ಎಂಬ ಅಳಲು. ನಾನು ಬಿಟ್ಟುಕೊಡಲಿಲ್ಲ. ಕೊನೆಗೆ ಪುಟವನ್ನು ಎ5ಕ್ಕೆ ಇಳಿಸಿ, ಮಸಿ ಕಡಿಮೆಯಿದ್ದ ಕಚೇರಿಯ ಜೆರಾಕ್ಸ್ ಯಂತ್ರದಲ್ಲಿ ಎರಡು ಪ್ರತಿ ತೆಗೆದು, ದಪ್ಪ ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಇಬ್ಬರೂ ಬಣ್ಣ ತುಂಬಿದೆವು. ಉಗುರುಗಳಲ್ಲಿ ಕ್ರೇಯಾನ್ ಈಗಲೂ ಸ್ವಲ್ಪ ಬಿಗಿಯಾಗಿಯೇ ಓಡಿತು. ಅವರು ಮಾತಾಡದೆ ಕಡತ ತೆರೆದು ಪ್ರತಿ ಕಾಲಿನಿಂದ ಇನ್ನೂ ಒಂದೊಂದು ಉಗುರು ತೆಗೆದರು.