ಜನವರಿ ಕ್ಲೋಸಿಂಗ್: ಬಿಲ್‌ಗಿಂತ ಮೊದಲೇ ಬಂದ ತೊಗರಿ

ತಂಗಿ,

ಈ ಸಲ ಜನವರಿ ಕ್ಲೋಸಿಂಗ್ ನೀನೇ ಮಾಡು, ನಾನು ಪಕ್ಕದಲ್ಲಿರುತ್ತೇನೆ. ಬ್ಯಾಂಕ್ ತಾಳೆ ನಿನಗೆ ಬರುತ್ತೆ. ಅದನ್ನೇ ಮೊದಲು ಮುಗಿಸು. ಸಿಸಿ, ಅಂದ್ರೆ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಗೆ ಬ್ಯಾಂಕ್ ತಿಂಗಳ ಕೊನೆಯಲ್ಲಿ ಬಡ್ಡಿ ಹಾಕಿರುತ್ತೆ, ಅದು ಜನವರಿ ಖರ್ಚಿಗೇ ಬರಬೇಕು. ಆಮೇಲೆ ನಿಜವಾದ ಕೆಲಸ ಶುರು.

ನಮ್ಮದು ದಾಲ್ ಮಿಲ್. ಜನವರಿ ಅಂದ್ರೆ ಕಲಬುರಗಿಯಲ್ಲಿ ತೊಗರಿ ಸೀಸನ್. ಗಂಜ್‌ನಿಂದ ಲಾರಿ ರಾತ್ರಿ ಎಷ್ಟು ಹೊತ್ತಿಗಾದರೂ ಬರುತ್ತೆ, ಅಡತಿ ಅಂಗಡಿಯ ಬಿಲ್ ಮಾತ್ರ ಎರಡು ದಿನ ಬಿಟ್ಟು ಬರುತ್ತೆ. ಲೆಕ್ಕ ತಪ್ಪೋದು ಈ ಎರಡು ದಿನದಲ್ಲೇ.

ಉದಾಹರಣೆಗೆ ಹೀಗೆ ಅಂದುಕೋ. ತಿಂಗಳ ಶುರುವಿಗೆ 400 ಕ್ವಿಂಟಲ್ ತೊಗರಿ ಇತ್ತು. ಬಿಲ್ ಬಂದ ಖರೀದಿ 900. ಮಿಲ್ಲಿಗೆ ಹಾಕಿದ್ದು 950. ಪುಸ್ತಕದ ಪ್ರಕಾರ 350 ಉಳಿಯಬೇಕು. 31ರ ರಾತ್ರಿ ಗೋದಾಮಿನಲ್ಲಿ ಎಣಿಸಿದರೆ 450 ಇದೆ. ನೀನು ಹೊಸಬಳು, "ಸ್ಟಾಕ್ ಹೆಚ್ಚಿದೆ" ಅಂತ 100 ಕ್ವಿಂಟಲ್ ಏರಿಸಿ ಸುಮ್ನಾಗಬೇಕು ಅನ್ನಿಸುತ್ತೆ. ಬೇಡ. ತೊಗರಿ ತಾನಾಗೇ ಹೆಚ್ಚಾಗಲ್ಲ, ಒಣಗಿ ತೂಕ ಸ್ವಲ್ಪ ಕಡಿಮೆಯಾಗೋದು ಉಂಟು. ಹೆಚ್ಚು ಕಂಡರೆ ಬಿಲ್ ಇಲ್ಲದ ಮಾಲು ಒಳಗೆ ಬಂದಿದೆ ಅಂತಲೇ ಮೊದಲು ಅನುಮಾನ ಪಡು.

ಗೇಟಿನ ಆವಕ ರಿಜಿಸ್ಟರ್ ತೆಗಿ. ಕೊನೆಯ ಮೂರು ದಿನದ ಕಾಟಾ ಚೀಟಿಗಳನ್ನು ಒಂದೊಂದಾಗಿ ಖರೀದಿ ಬಿಲ್‌ಗೆ ಜೋಡಿಸು. ಜೋಡಿ ಸಿಗದ ಚೀಟಿ ಒಂದು ಉಳಿಯುತ್ತೆ: 31ರ ರಾತ್ರಿ ಎಂಟಕ್ಕೆ ಇಳಿಸಿದ 200 ಚೀಲ, 50 ಕಿಲೋದವು. ಅದೇ ನಿನ್ನ 100 ಕ್ವಿಂಟಲ್.

ಹಾಗೇ ಬಿಟ್ಟರೆ ಏನಾಗುತ್ತೆ ನೋಡು. ದಲಾಲಿ, ಸೆಸ್ ಎಲ್ಲ ಸೇರಿ ಕ್ವಿಂಟಲ್‌ಗೆ 7,500 ಅಂತ ಹಿಡಿದರೆ ಮಾಲಿನ ಬೆಲೆ 7,50,000. ಸ್ಟಾಕ್‌ನಲ್ಲಿ ಇದು ಇದೆ, ಖರೀದಿಯಲ್ಲಿ ಇಲ್ಲ. ಜನವರಿ ಲಾಭ ಅಷ್ಟೂ ಜಾಸ್ತಿ ಕಾಣುತ್ತೆ. ಫೆಬ್ರವರಿ 2ಕ್ಕೆ ಬಿಲ್ ಹಾಕಿದಾಗ ಆ ತಿಂಗಳ ಲಾಭ ಅಷ್ಟೇ ಕುಸಿಯುತ್ತೆ. ಸಾವುಕಾರ್ರು ಎರಡೂ ತಿಂಗಳು ಬೈತಾರೆ, ಅದು ಬೇರೆ ಮಾತು.

ಅದಕ್ಕಿಂತ ದೊಡ್ಡ ತೊಂದರೆ ಬ್ಯಾಂಕಿನದ್ದು. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಸ್ಟಾಕ್‌ನಿಂದ ಮಾಲು ಕೊಟ್ಟವರಿಗೆ ನಾವು ಕೊಡಬೇಕಾದ ಬಾಕಿ ಕಳೆದು, ಉಳಿದದ್ದರಲ್ಲಿ ಶೇ. 25 ಮಾರ್ಜಿನ್ ಬಿಟ್ಟು ನಮ್ಮ ಡ್ರಾಯಿಂಗ್ ಪವರ್, ಅಂದ್ರೆ ಖಾತೆಯಿಂದ ಎಷ್ಟು ದುಡ್ಡು ತೆಗೆಯಬಹುದು ಅನ್ನೋ ಮಿತಿ, ಹಾಕ್ತಾರೆ. ಇನ್ನೂ ದುಡ್ಡು ಕೊಡದ ಮಾಲನ್ನು ಸ್ಟಾಕ್‌ನಲ್ಲಿ ತೋರಿಸಿ ಬಾಕಿಯಲ್ಲಿ ತೋರಿಸದಿದ್ದರೆ 5,62,500 ರೂಪಾಯಿ ಸುಳ್ಳು ಮಿತಿ ಬರುತ್ತೆ. ಆ ದುಡ್ಡು ತೆಗೆದು ಖರ್ಚು ಮಾಡಿದ ಮೇಲೆ ಮುಂದಿನ ತಿಂಗಳು ಮಿತಿ ಇಳಿದರೆ ಖಾತೆ ಮಿತಿ ಮೀರುತ್ತೆ.

ಸರಿಪಡಿಸೋದು ಕಷ್ಟವಲ್ಲ. ನಮ್ಮಲ್ಲಿ ಸ್ಟಾಕ್ ಲೆಕ್ಕ ಬೇರೆ ರಿಜಿಸ್ಟರ್‌ನಲ್ಲಿದೆ, ಟ್ಯಾಲಿಯಲ್ಲಿ ಕೊನೆಗೆ ಬೆಲೆ ಮಾತ್ರ ಹಾಕುತ್ತೇವೆ. ಹಾಗಾಗಿ 31ನೇ ತಾರೀಖಿಗೆ ಒಂದು ಜರ್ನಲ್ ಸಾಕು. ತೊಗರಿ ಖರೀದಿ ಡೆಬಿಟ್, "ಬಿಲ್ ಬರಬೇಕಾದ ಖರೀದಿ" ಕ್ರೆಡಿಟ್, 7,50,000. ಈ ಲೆಡ್ಜರ್ `Sundry Creditors` ಗುಂಪಿನಲ್ಲೇ ಇರಲಿ, ಇಲ್ಲದಿದ್ದರೆ ಸ್ಟಾಕ್ ಸ್ಟೇಟ್‌ಮೆಂಟ್ ಮಾಡುವಾಗ ಮತ್ತೆ ಬಿಟ್ಟುಹೋಗುತ್ತೆ. ವಿವರಣೆಯಲ್ಲಿ ಕಾಟಾ ಚೀಟಿ ನಂಬರ್ ಬರೆ. ಫೆಬ್ರವರಿ 1ಕ್ಕೆ ಉಲ್ಟಾ ಎಂಟ್ರಿ ಹಾಕು, ಬಿಲ್ ಬಂದಾಗ ಎಂದಿನಂತೆ ಬರೆದುಕೋ. ಬಿಲ್ 7,52,400ಕ್ಕೆ ಬಂದರೆ ವ್ಯತ್ಯಾಸದ 2,400 ಫೆಬ್ರವರಿಗೆ ಹೋಗಲಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಉಲ್ಟಾ ಎಂಟ್ರಿ ಮರೆತರೆ ಮಾತ್ರ ಖರೀದಿ ಎರಡು ಸಲ ಕೂರುತ್ತೆ.

ಒಂದು ಎಚ್ಚರಿಕೆ. ಟ್ಯಾಲಿಯಲ್ಲಿ `Reversing Journal` ಅನ್ನೋ ವೋಚರ್ ಇದೆ. ಹೆಸರು ನೋಡಿ ಇದೇ ಬೇಕಾದ್ದು ಅನ್ನಿಸುತ್ತೆ. ಅದು ಸಿನಾರಿಯೋ ಹಾಕಿ ನೋಡಿದಾಗ ಮಾತ್ರ ರಿಪೋರ್ಟ್‌ಗೆ ಬರುತ್ತೆ, ಮಾಮೂಲಿ ಲಾಭ ನಷ್ಟ ಪಟ್ಟಿಗೆ ಬರಲ್ಲ. ನೀನು ಸಾದಾ `Journal` ಬಳಸು.

ಎಣಿಸುವಾಗ ಅಂಗಳಕ್ಕೂ ಹೋಗು. ಎಣ್ಣೆ ಹಚ್ಚಿ ಒಣಗಲು ಹರವಿದ ತೊಗರಿ ಮಿಲ್ಲಿಗೆ ಹಾಕಿದ ಲೆಕ್ಕಕ್ಕೆ ಹೋಗಿರುತ್ತೆ, ಬೇಳೆಯ ಲೆಕ್ಕಕ್ಕೆ ಬಂದಿರಲ್ಲ. ಗೋದಾಮಿನಲ್ಲಿ ಅದು ಕಾಣೋದೂ ಇಲ್ಲ. ಅದನ್ನು "ಅರ್ಧ ಆದ ಮಾಲು" ಅಂತ ಬೇರೆ ಸಾಲಿನಲ್ಲಿ ಬರೆ. ನುಚ್ಚು, ಹೊಟ್ಟು ಕೂಡ ತೂಗಿಸು, ಅದಕ್ಕೂ ಬೆಲೆ ಇದೆ.

ಮಾರಾಟದ ಕಡೆ ಇದೇ ಸಮಸ್ಯೆ ತಿರುವುಮುರುವಾಗಿ ಬರುತ್ತೆ: 31ಕ್ಕೆ ಬಿಲ್ ಆಗಿರುತ್ತೆ, ಲಾರಿ ಇನ್ನೂ ಅಂಗಳದಲ್ಲೇ ನಿಂತಿರುತ್ತೆ. ಆ ಬೇಳೆಯನ್ನು ಸ್ಟಾಕ್‌ನಲ್ಲೂ ಎಣಿಸಿದರೆ ಒಂದೇ ಮಾಲು ಎರಡು ಕಡೆ. ಹೊರಗೇಟಿನ ಪಾಸ್ ನೋಡಿದರೆ ಗೊತ್ತಾಗುತ್ತೆ.

ಜೆಸ್ಕಾಂ ಬಿಲ್ ತಡವಾಗಿ ಬರುತ್ತೆ, 31ರ ಸಂಜೆ ಮೀಟರ್ ರೀಡಿಂಗ್ ಬರೆದಿಟ್ಟುಕೊಂಡು ಅಂದಾಜು ಹಾಕು. ಕೊಡದೆ ಉಳಿದ ಹಮಾಲಿಯನ್ನೂ ಸೇರಿಸು. ಟಿಡಿಎಸ್ 7ರೊಳಗೆ ಕಟ್ಟಬೇಕು, ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಎಲ್ಲ ಆದ ಮೇಲೆ ಒಟ್ಟು ಲಾಭದ ಶೇಕಡಾವನ್ನು ಡಿಸೆಂಬರ್ ಜೊತೆ ಹೋಲಿಸಿ ನೋಡು. ರೇಟ್ ಬದಲಾಗದೆ ಅದು ಎಗರಿದ್ದರೆ ಮತ್ತೆ ಕಾಟಾ ಚೀಟಿಗೆ ಹೋಗು. ಸರಿ ಇದ್ದರೆ ನನಗೆ ಹೇಳು, ಜನವರಿಗೆ ಹಿಂದಿನ ತಾರೀಖಿನ ಎಂಟ್ರಿ ಹಾಕೋಕೆ ಆಗದ ಹಾಗೆ ಲಾಕ್ ಮಾಡಿಬಿಡುತ್ತೇನೆ.